ಬಾ ನೀರೇ ಬಾ: ಏರದೇ ನಿಂತಿದ್ದ ಒಂದು ರಾಕ್ ಹಾಡಿನ ರಿಪೇರಿ

ಹಾಡು ನನ್ನ ಕೈಗೆ ಬಂದದ್ದು ಮೊಬೈಲ್ ರೆಕಾರ್ಡಿಂಗ್ ರೂಪದಲ್ಲಿ. ಸಿಂಧನೂರಿನ ಒಂದು ಅಕ್ಕಿ ಗಿರಣಿಯ ಖಾಲಿ ಗೋದಾಮಿನಲ್ಲಿ ಅಭ್ಯಾಸ ಮಾಡುವ ನಾಲ್ವರ ತಂಡ ಅದು. ಹಾಡುವವನು, ಗಿಟಾರ್ ಹುಡುಗ, ಬಾಸ್ ಹುಡುಗ, ಡ್ರಮ್ಸ್ ನುಡಿಸುವ ಹುಡುಗಿ. ಹಾಡುವವನ ಊರು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಹಾಡೂ ಅದನ್ನೇ ಕುರಿತದ್ದು: ಮೇಲಿನ ಊರುಗಳಲ್ಲಿ ಭತ್ತದ ಗದ್ದೆ ತುಂಬಿ ನಿಂತಿರುತ್ತದೆ, ಕೊನೆಯ ಹೊಲಕ್ಕೆ ನೀರು ತಲುಪುವುದಿಲ್ಲ. ಸಾಹಿತ್ಯದಲ್ಲಿ ಸತ್ವವಿತ್ತು, ನುಡಿಸುವ ಕೈಗಳೂ ಚೆನ್ನಾಗಿದ್ದವು. ಆದರೂ ಹಾಡು ಒಂದೇ ಎತ್ತರದಲ್ಲಿ ಓಡಿ ಮುಗಿಯುತ್ತಿತ್ತು. ಗೋದಾಮಿನ ಬಾಗಿಲಲ್ಲಿ ನಿಂತು ಕೇಳಿದ ಹಮಾಲರೊಬ್ಬರು, "ಮೊದಲಿನಿಂದ ಕೊನೆತನಕ ಒಂದೇ ಕೂಗಾಯಿತಲ್ಲ ತಮ್ಮಾ" ಎಂದರಂತೆ. ರೋಗವನ್ನು ಇದಕ್ಕಿಂತ ಸರಿಯಾಗಿ ಹೇಳಲು ನನಗೆ ಬರುವುದಿಲ್ಲ.

ಬಿಚ್ಚಿ ನೋಡಿದ್ದು

ರಾಕ್ ಹಾಡನ್ನು ಬಿಚ್ಚುವಾಗ ಮೊದಲು ಮಾಡಬೇಕಾದದ್ದು ಎಣಿಕೆ. ಒಂದು, ಎರಡು, ಮೂರು, ನಾಲ್ಕು ಎಂದು ಒಂದು ಸುತ್ತು ಎಣಿಸಿದರೆ ಒಂದು ಬಾರ್. ಇವರ ಹಾಡಿನ ವೇಗ ನಿಮಿಷಕ್ಕೆ 120 ಬೀಟ್, ಅಂದರೆ ಒಂದು ಬಾರ್‌ಗೆ ಸರಿಯಾಗಿ 2 ಸೆಕೆಂಡ್. ಈ ವೇಗದಲ್ಲಿ ಲೆಕ್ಕ ಸುಲಭ: 8 ಬಾರ್ ಎಂದರೆ 16 ಸೆಕೆಂಡ್. ಈ ಬಗೆಯ ಹಾಡುಗಳು ಹೆಚ್ಚಾಗಿ ನಾಲ್ಕು, ಎಂಟು, ಹದಿನಾರು ಬಾರ್‌ಗಳ ತುಂಡುಗಳಲ್ಲಿ ಕಟ್ಟಿರುತ್ತವೆ. ಹೀಗಾಗಿ ಎಣಿಸುತ್ತಾ ಹೋದರೆ ಎಲ್ಲಿ ಒಂದು ಭಾಗ ಮುಗಿದು ಇನ್ನೊಂದು ಶುರುವಾಯಿತು ಎಂಬುದು ತಾನಾಗಿಯೇ ಕಾಣುತ್ತದೆ.

ಕಂಡದ್ದು ಹೀಗಿತ್ತು; ಇಲ್ಲಿ ಕೋರಸ್ ಎಂದರೆ ಪಲ್ಲವಿಯಂಥ ಭಾಗ, ವರ್ಸ್ ಎಂದರೆ ಚರಣದಂಥ ಭಾಗ. ಗಿಟಾರ್ ಪೀಠಿಕೆ 8 ಬಾರ್, ಕೋರಸ್ 8, ನಡುವಿನ ವಾದ್ಯ 8, ವರ್ಸ್ 16, ಕೋರಸ್ 8, ಮತ್ತೆ ವಾದ್ಯ 8, ಎರಡನೆಯ ವರ್ಸ್ 16, "ಬ್ರಿಡ್ಜ್" ಎಂದು ಅವರು ಕರೆದ ಗಿಟಾರ್ ಸೋಲೋ 16, ಕೊನೆಗೆ ಕೋರಸ್ ನಾಲ್ಕು ಸಲ, ಅಂದರೆ 32. ಒಟ್ಟು 120 ಬಾರ್, ಸರಿಯಾಗಿ ನಾಲ್ಕು ನಿಮಿಷ.

ಈ ನಕ್ಷೆ ಎಲ್ಲಿಂದ ಬಂತು ಎಂದು ಕೇಳುವ ಅಗತ್ಯವೇ ಇರಲಿಲ್ಲ. ನಮ್ಮ ಸಿನಿಮಾ ಹಾಡಿನ ನಕ್ಷೆ ಅದು: ಪಲ್ಲವಿ, ನಡುವೆ ವಾದ್ಯ, ಚರಣ, ಮತ್ತೆ ಪಲ್ಲವಿ. ಅದರಲ್ಲಿ ತಪ್ಪೇನಿಲ್ಲ. ಪಲ್ಲವಿ ಹಾಡಿನ ಮನೆ, ಚರಣ ಹೊರಗೆ ತಿರುಗಾಡಿ ಮನೆಗೆ ಬರುತ್ತದೆ. ಆದರೆ ಕ್ಲಾಸಿಕ್ ರಾಕ್‌ನ ಸಾಮಾನ್ಯ ಕಟ್ಟಡದಲ್ಲಿ ಕೇಳುಗನನ್ನು ಮೊದಲು ಹೊರಗೇ ನಿಲ್ಲಿಸುತ್ತಾರೆ. ವರ್ಸ್ ವಿಷಯವನ್ನು ಹೇಳುತ್ತದೆ, ಒತ್ತಡವನ್ನು ಕೂಡಿಡುತ್ತದೆ. ಕೋರಸ್‌ನಲ್ಲಿ ಅದು ಬಿಡುಗಡೆಯಾಗುತ್ತದೆ. ಕೋರಸ್‌ನಿಂದಲೇ ಶುರುವಾಗುವ ರಾಕ್ ಹಾಡುಗಳೂ ಇವೆ. ಬೀಟಲ್ಸ್ ತಂಡದ 1963ರ "ಷಿ ಲವ್ಸ್ ಯೂ" ಹಾಗೆಯೇ ಶುರುವಾಗುತ್ತದೆ. ಕೋರಸ್ ಇಲ್ಲದೆಯೇ ಗೆದ್ದ ಹಾಡುಗಳೂ ಇವೆ. ಲೆಡ್ ಜೆಪ್ಪೆಲಿನ್‌ನ 1971ರ "ಸ್ಟೇರ್‌ವೇ ಟು ಹೆವನ್" ಎಂಟು ನಿಮಿಷ ಏರುತ್ತಲೇ ಹೋಗುತ್ತದೆ. ಆದ್ದರಿಂದ ಕ್ರಮವನ್ನು ನಾನು ಕಾನೂನು ಎನ್ನುವುದಿಲ್ಲ. ಇಲ್ಲಿ ತೊಂದರೆ ಬೇರೆಯದು: ಮೂರೂ ಭಾಗಗಳ ನಡುವೆ ವ್ಯತ್ಯಾಸವೇ ಇರಲಿಲ್ಲ.

ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲುಗಳನ್ನು, ನೋಡಿ. ಕೋರಸ್: ಜಿ, ಡಿ, ಇ ಮೈನರ್, ಸಿ. ವರ್ಸ್: ಜಿ, ಡಿ, ಇ ಮೈನರ್, ಸಿ. ಸೋಲೋ: ಅದೇ ನಾಲ್ಕು. ಒಂದೇ ಕಾರ್ಡ್ ಸರಣಿಯ ಮೇಲೆ ಇಡೀ ಹಾಡು ನಿಲ್ಲುವುದು ಸಾಧ್ಯ, ಅಂಥ ಒಳ್ಳೆಯ ಹಾಡುಗಳು ಬೇಕಾದಷ್ಟಿವೆ. ಆದರೆ ಆಗ ರಾಗದ ಎತ್ತರವೋ, ತಾಳದ ದಟ್ಟಣೆಯೋ, ದನಿಯ ಬಲವೋ ಬದಲಾಗಲೇಬೇಕು. ಇಲ್ಲಿ ಹಾಡುವವನು ವರ್ಸ್‌ನಲ್ಲೂ ಪಂಚಮದ ಆಸುಪಾಸಿನಲ್ಲೇ ಕೂಗುತ್ತಿದ್ದ, ಕೋರಸ್‌ನಲ್ಲೂ ಅಲ್ಲೇ. ಗಿಟಾರ್ ಮೊದಲ ಸೆಕೆಂಡಿನಿಂದಲೇ ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್‌ನಲ್ಲಿ ಪೂರ್ತಿ ಮುಳುಗಿತ್ತು. ಡ್ರಮ್ಸ್ ಹುಡುಗಿ ಪ್ರತಿ ನಾಲ್ಕು ಬಾರ್‌ಗೊಮ್ಮೆ ಕ್ರ್ಯಾಶ್ ಎಂಬ ದೊಡ್ಡ ಲೋಹದ ತಟ್ಟೆಗೆ ಹೊಡೆಯುತ್ತಿದ್ದಳು.

ಒಂದು ಪರೀಕ್ಷೆ ಮಾಡಿದೆವು. ಹಾಡುವುದನ್ನು ನಿಲ್ಲಿಸಿ ಬರೀ ವಾದ್ಯಗಳನ್ನು ನುಡಿಸುವುದು. ಹೊರಗೆ ನಿಂತವರು ಕೋರಸ್ ಬಂದಾಗ ಕೈ ಎತ್ತಬೇಕು. ಯಾರೂ ಸರಿಯಾದ ಜಾಗದಲ್ಲಿ ಕೈ ಎತ್ತಲಿಲ್ಲ. ಹೊಸದಾಗಿ ಹಾಡು ಕಟ್ಟುವವರಿಗೆ ಇದು ಅಗ್ಗದ, ಖಚಿತವಾದ ಪರೀಕ್ಷೆ.

ಮೊದಲ ಕೆಲಸ: ವರ್ಸ್‌ನಿಂದ ತೆಗೆಯುವುದು

ಕೋರಸ್ ಏರುತ್ತಿಲ್ಲ ಎಂದಾಕ್ಷಣ ಎಲ್ಲರೂ ಕೋರಸ್‌ಗೆ ಕೈ ಹಾಕುತ್ತಾರೆ. ಇನ್ನಷ್ಟು ಜೋರು, ಇನ್ನೊಂದು ಗಿಟಾರ್, ಇನ್ನಷ್ಟು ಕಿರುಚಾಟ. ನಾನು ಕೋರಸ್‌ನ ಕಾರ್ಡ್‌ಗಳನ್ನು ಮುಟ್ಟಲೇ ಇಲ್ಲ. ಅದಕ್ಕೆ ಮೊದಲು ಬರುವ ವರ್ಸ್ ಅದರ ಆಸ್ತಿಯನ್ನೆಲ್ಲ ಖರ್ಚು ಮಾಡಿ ಮುಗಿಸುತ್ತಿತ್ತು. ಅದನ್ನು ನಿಲ್ಲಿಸಿದರೆ ಸಾಕು.

ಈ ಹಾಡು ಜಿ ಮೇಜರ್‌ನಲ್ಲಿದೆ. ಹಾರ್ಮೋನಿಯಂ ಗೊತ್ತಿರುವವರು ಜಿ ಎಂದರೆ ಸಾ ಎಂದುಕೊಳ್ಳಲಿ. ಜಿ ಕಾರ್ಡ್ ಬಂದಾಗ ಕಿವಿಗೆ ತಲುಪಬೇಕಾದ ಜಾಗ ತಲುಪಿದೆವು ಎನ್ನಿಸುತ್ತದೆ. ಹಾಗಾದರೆ ವರ್ಸ್‌ನಲ್ಲಿ ಜಿ ಕಾರ್ಡ್ ಬರಲೇಬಾರದು ಎಂದು ತೀರ್ಮಾನಿಸಿದೆವು. ವರ್ಸ್‌ನ ಮೊದಲ ಎಂಟು ಬಾರ್: ಇ ಮೈನರ್ ಎರಡು ಬಾರ್, ಸಿ ಎರಡು ಬಾರ್, ಮತ್ತೆ ಅದೇ. ಎರಡನೆಯ ಎಂಟು ಬಾರ್: ಇ ಮೈನರ್ ಎರಡು, ಸಿ ಎರಡು, ಎ ಮೈನರ್ ಎರಡು, ಕೊನೆಗೆ ಡಿ ಎರಡು. ಹದಿನಾಲ್ಕು ಬಾರ್ ಕಾಯಿಸಿ ಕೊನೆಯ ಎರಡರಲ್ಲಿ ಮಾತ್ರ ಡಿ ಏಕೆ ಬಂತೆಂದರೆ, ಡಿ ಎಂದರೆ ಪಂಚಮದ ಮೇಲಿನ ಕಾರ್ಡ್. ಅದರೊಳಗೆ ಶುದ್ಧ ನಿಷಾದವಿದೆ, ಅದು ಮೇಲಿನ ಸಾ ಕಡೆಗೆ ಎಳೆಯುತ್ತದೆ. ಅದನ್ನು ನುಡಿಸಿ ನಿಲ್ಲಿಸಿದರೆ ಸಂಗೀತ ಕಲಿಯದವರಿಗೂ ಏನೋ ಬಾಕಿ ಉಳಿಯಿತು ಎನ್ನಿಸುತ್ತದೆ. ಆ ಬಾಕಿಯನ್ನು ತೀರಿಸುವ ಜಿ ಕಾರ್ಡ್ ಕೋರಸ್‌ನ ಮೊದಲ ಬೀಟ್‌ಗೇ ಬರುತ್ತದೆ.

ರಾಗದ ಎತ್ತರವನ್ನೂ ಇಳಿಸಿದೆವು. ವರ್ಸ್ ಈಗ ಮಂದ್ರ ಧೈವತದಿಂದ ಮಧ್ಯದ ಗಾಂಧಾರದವರೆಗೆ ಮಾತ್ರ ಓಡಾಡುತ್ತದೆ, ಮಾತಾಡಿದಂತೆ. ಕೋರಸ್ ಪಂಚಮದಲ್ಲಿ ಶುರುವಾಗಿ ಧೈವತ ಮುಟ್ಟುತ್ತದೆ. ಗಿಟಾರ್ ಹುಡುಗ ವರ್ಸ್‌ನಲ್ಲಿ ಅಂಗೈಯ ಅಂಚನ್ನು ಬ್ರಿಡ್ಜ್ ಹತ್ತಿರ ತಂತಿಗಳ ಮೇಲಿಟ್ಟು ದನಿ ಅದುಮಿ ನುಡಿಸುತ್ತಾನೆ (ಈ ಬ್ರಿಡ್ಜ್ ಗಿಟಾರಿನ ಮೈಮೇಲಿರುವ ಪಟ್ಟಿ, ಹಾಡಿನದ್ದಲ್ಲ). ಕೋರಸ್ ಬಂದಾಗ ಕೈ ತೆಗೆದು ತಂತಿ ಬಿಡುತ್ತಾನೆ. ಡ್ರಮ್ಸ್‌ನಲ್ಲಿ ವರ್ಸ್ ಪೂರ್ತಿ ಮುಚ್ಚಿದ ಹೈ-ಹ್ಯಾಟ್, ಕೋರಸ್‌ನ ಮೊದಲ ಬೀಟ್‌ನಲ್ಲಿ ಒಂದೇ ಒಂದು ಕ್ರ್ಯಾಶ್, ನಂತರ ರೈಡ್. ಕ್ರ್ಯಾಶ್ ಕಡಿಮೆ ಮಾಡಲು ಹುಡುಗಿ ಮೊದಲು ಒಪ್ಪಲಿಲ್ಲ. "ಅಣ್ಣ, ಹೊಡೆಯದಿದ್ದರೆ ನಾನು ಇದ್ದೇನೋ ಇಲ್ಲವೋ ಎಂದೇ ಯಾರಿಗೂ ಗೊತ್ತಾಗುವುದಿಲ್ಲ" ಎಂದಳು. ಒಂದು ಸಲ ಹಾಗೆ ನುಡಿಸಿ ರೆಕಾರ್ಡ್ ಕೇಳಿಸಿದ ಮೇಲೆ ವಾದ ಮುಗಿಯಿತು.

ಎರಡನೆಯ ವರ್ಸ್ ಅನ್ನು ಎಂಟು ಬಾರ್‌ಗೆ ಇಳಿಸಿ, ಕಾರ್ಡ್‌ಗಳ ಎರಡನೆಯ ಅರ್ಧವನ್ನು ಮಾತ್ರ ಇಟ್ಟುಕೊಂಡೆವು. ಮೊದಲ ವರ್ಸ್‌ನಲ್ಲಿ ಊರು, ಜನ, ಕಾಲುವೆ ಎಲ್ಲವನ್ನೂ ಪರಿಚಯಿಸಬೇಕು, ಅದಕ್ಕೆ ಜಾಗ ಬೇಕು. ಎರಡನೆಯದರ ಹೊತ್ತಿಗೆ ಕೇಳುಗನಿಗೆ ಊರು ಗೊತ್ತಿದೆ. ಅವನು ಕೋರಸ್‌ಗಾಗಿ ಕಾಯುತ್ತಿದ್ದಾನೆ.

ಸಾಹಿತ್ಯದ ತಾಪತ್ರಯ

ಮೊದಲ ವರ್ಸ್‌ನ ಸಾಲುಗಳು ಇದ್ದಂತೆಯೇ ಉಳಿದವು:

ಮೇಲಿನೂರ ಗದ್ದೆಯೆಲ್ಲ ತುಂಬಿ ತುಳುಕುತ್ತಿದೆ
ನಮ್ಮ ಕಾಲುವೆ ಹೊಟ್ಟೆಯೊಳಗೆ ಜಾಲಿ ಚಿಗುರುತ್ತಿದೆ

ಇದು ವರ್ಸ್‌ಗೆ ಬೇಕಾದ ಭಾಷೆ. ಕಣ್ಣಿಗೆ ಕಾಣುವ ಸಂಗತಿ, ವೇಗವಾಗಿ ಉದುರುವ ಅಕ್ಷರಗಳು. ಎರಡನೆಯ ವರ್ಸ್ ಮಾತ್ರ ಮೊದಲನೆಯದನ್ನೇ ಬೇರೆ ಶಬ್ದಗಳಲ್ಲಿ ಹೇಳುತ್ತಿತ್ತು: ಒಣಗಿದ ನೆಲ, ಬಿರುಕು, ಬಾಯಾರಿಕೆ. ಕಥೆ ಮುಂದಕ್ಕೆ ಹೋಗಲಿ, ರಾತ್ರಿಯಾಗಲಿ ಎಂದೆ. ಹಾಡುವವನು ತನ್ನ ಮನೆಯವರ ಅನುಭವದಿಂದಲೇ ಬರೆದು ತಂದ:

ರಾತ್ರಿಯೆಲ್ಲ ತೂಬಿನ ಹತ್ತಿರ ಟಾರ್ಚು ಹಿಡಿದು ಕೂತೆವು
ನಮ್ಮ ಪಾಳಿ ಬರುವ ಹೊತ್ತಿಗೆ ಬ್ಯಾಟರಿಯೂ ಮುಗಿಯಿತು

ಈಗ ಎರಡನೆಯ ಕೋರಸ್‌ಗೆ ಮೊದಲನೆಯದಕ್ಕಿಂತ ಹೆಚ್ಚು ಕಾರಣ ಸಿಕ್ಕಿತು. ಕೋರಸ್‌ನ ಪದಗಳು ಬದಲಾಗುವುದಿಲ್ಲ. ಅದರ ಮುಂದೆ ನಿಲ್ಲುವ ವರ್ಸ್ ಬದಲಾಗಿ ಅದೇ ಪದಗಳಿಗೆ ಹೊಸ ತೂಕ ಕೊಡುತ್ತದೆ.

ಕೋರಸ್‌ನ ಸಾಲು ಮಾತ್ರ ನಿಜವಾಗಿಯೂ ಕೆಟ್ಟಿತ್ತು. ಅದು "ನೀರು ಬಂತು, ನೀರು ಬಂತು, ನೀರು ಎಲ್ಲಿ ಬಂತು" ಎಂದಿತ್ತು. ಓದಲು ಚೆನ್ನ. ಆದರೆ ಅತಿ ಎತ್ತರದ, ಎರಡು ಬಾರ್ ಎಳೆಯಬೇಕಾದ ಸ್ವರದ ಮೇಲೆ "ತು" ಬಂದು ಕೂತಿತ್ತು. ಹ್ರಸ್ವ ಉಕಾರವನ್ನು ಎತ್ತರದಲ್ಲಿ ನಾಲ್ಕು ಸೆಕೆಂಡ್ ಹಿಡಿದು ನೋಡಿ: ತುಟಿ ಮುಚ್ಚಿಕೊಳ್ಳುತ್ತದೆ, ಗಂಟಲು ಬಿಗಿಯುತ್ತದೆ, ದನಿ ಸಣ್ಣಗಾಗುತ್ತದೆ. ಹುಡುಗ ಅದನ್ನು ಸರಿದೂಗಿಸಲು ಕೂಗುತ್ತಿದ್ದ. ಕನ್ನಡದಲ್ಲಿ ರಾಕ್ ಬರೆಯುವವರಿಗೆಲ್ಲ ಈ ಕಾಟ ಇದ್ದದ್ದೇ. ನಮ್ಮ ಕ್ರಿಯಾಪದಗಳಲ್ಲಿ ಬಹುಪಾಲು ಉಕಾರ, ಎಕಾರಗಳಲ್ಲಿ ಮುಗಿಯುತ್ತವೆ. ಎಳೆಯುವ ಸ್ವರದ ಮೇಲೆ ದೀರ್ಘ ಆಕಾರವೋ ಓಕಾರವೋ ಬಂದರೆ ಬಾಯಿ ತೆರೆಯುತ್ತದೆ. ಹಾಗಾಗಿ ಸಾಲು ಹೀಗಾಯಿತು:

ಬಾ, ನೀರೇ ಬಾ
ಕಡೆಯ ಹೊಲದ ತನಕ ಬಾ

ಮೊದಲ "ಬಾ" ಕೋರಸ್‌ನ ಮೊದಲ ಬೀಟ್‌ಗೇ, ಪಂಚಮದ ಮೇಲೆ, ಜಿ ಕಾರ್ಡ್ ಬೀಳುವ ಕ್ಷಣಕ್ಕೇ ಬೀಳುತ್ತದೆ. ವರ್ಸ್‌ನಲ್ಲಿ ಒಂದು ಬಾರ್‌ಗೆ ಏಳೆಂಟು ಅಕ್ಷರ. ಇಲ್ಲಿ ಒಂದೇ ಅಕ್ಷರಕ್ಕೆ ಪೂರ್ತಿ ಬಾರ್. ಜೋರು ಮಾಡದೆಯೇ ಕೋರಸ್ ಅಗಲವಾಯಿತು.

ಬ್ರಿಡ್ಜ್ ಇರಲೇ ಇಲ್ಲ

ಅವರು ಬ್ರಿಡ್ಜ್ ಎಂದದ್ದು ಸೋಲೋ. ಅದೂ ಕೋರಸ್‌ನ ಕಾರ್ಡ್‌ಗಳ ಮೇಲೆಯೇ. ಎಂದರೆ 16 ಬಾರ್ ಕೋರಸ್‌ನ ನೆಲದ ಮೇಲೆ ಗಿಟಾರ್ ಓಡಿದ ಮೇಲೆ ಮತ್ತೆ 32 ಬಾರ್ ಕೋರಸ್. ಹಾಡಿನ ಕೊನೆಯ 96 ಸೆಕೆಂಡ್‌ಗಳಲ್ಲಿ ಹೊಸದೇನೂ ನಡೆಯುತ್ತಿರಲಿಲ್ಲ.

ಬ್ರಿಡ್ಜ್ ಎಂಬುದು ಸಾಮಾನ್ಯವಾಗಿ ಎರಡನೆಯ ಕೋರಸ್ ಮುಗಿದ ಮೇಲೆ ಬರುವ ತುಂಡು. ಹೆಚ್ಚಾಗಿ ಎಂಟು ಬಾರ್ ಇರುವುದರಿಂದ ಇಂಗ್ಲೆಂಡಿನ ಸಂಗೀತಗಾರರು ಅದನ್ನು ಮಿಡಲ್ ಎಯ್ಟ್ ಎನ್ನುತ್ತಾರೆ. ಎರಡು ಸುತ್ತು ವರ್ಸ್, ಕೋರಸ್ ಕೇಳಿದವನಿಗೆ ಮೂರನೆಯದು ಹೇಗಿರುತ್ತದೆ ಎಂದು ಮೊದಲೇ ಗೊತ್ತು. ಆ ಹೊತ್ತಿನಲ್ಲಿ ಹಾಡು ಎಲ್ಲಿಯೂ ಕೇಳಿರದ ಜಾಗಕ್ಕೆ ಹೋಗಬೇಕು, ಹೋಗಿ ಕೋರಸ್ ಮತ್ತೆ ಬೇಕೆನ್ನಿಸುವಂತೆ ಮಾಡಿ ಮರಳಬೇಕು. ಹೊಸ ಕಾರ್ಡ್, ಹೊಸ ರಾಗ, ಸಾಧ್ಯವಾದರೆ ಹೊಸ ದೃಷ್ಟಿ.

ಹುಡುಗರಿಗೆ ಕೇಳಿಸಲು ಬೀಟಲ್ಸ್ ತಂಡದ 1965ರ "ವಿ ಕ್ಯಾನ್ ವರ್ಕ್ ಇಟ್ ಔಟ್" ಆರಿಸಿಕೊಂಡೆ. ವರ್ಸ್ ಮೇಜರ್‌ನಲ್ಲಿದೆ, ರಾಜಿ ಮಾಡಿಕೊಳ್ಳೋಣ ಎಂಬ ಆಶಾವಾದದ ಮಾತು. ಅದನ್ನು ಬರೆದವರು ಪಾಲ್ ಮೆಕಾರ್ಟ್ನಿ. ನಡುವಿನ ಭಾಗ ಮೈನರ್‌ಗೆ ತಿರುಗುತ್ತದೆ, ಬದುಕು ಬಲು ಚಿಕ್ಕದು ಎಂಬ ಅಸಹನೆಯ ಮಾತು ಬರುತ್ತದೆ. ಅದು ಜಾನ್ ಲೆನನ್ ಬರೆದದ್ದು. ಸಾಲದ್ದಕ್ಕೆ ಆ ಭಾಗದಲ್ಲಿ ತಾಳವೇ ಮೂರರ ನಡೆಗೆ ಜಾರುತ್ತದೆ. ಎರಡು ನಿಮಿಷ ಚಿಲ್ಲರೆಯ ಹಾಡಿನಲ್ಲಿ ಆ ಭಾಗ ಎರಡು ಸಲ ಬರುತ್ತದೆ, ಎರಡು ಸಲವೂ ಬೇರೆ ಯಾರೋ ಮಾತಾಡಿದಂತೆ ಕೇಳುತ್ತದೆ.

ನಮ್ಮ ಹಾಡಿನಲ್ಲಿ ತಾಳ ಬದಲಿಸುವ ಸಾಹಸ ಬೇಡವೆಂದುಕೊಂಡು ಕಾರ್ಡ್‌ನಲ್ಲಿ ಹೊಸತನ ಹುಡುಕಿದೆವು. ಸಿಕ್ಕಿದ್ದು ಎಫ್ ಮೇಜರ್. ಜಿ ಮೇಜರ್‌ನ ಮನೆಯೊಳಗೆ ಎಫ್ ಸ್ವರ ಇಲ್ಲ, ಅಲ್ಲಿರುವುದು ಎಫ್ ಶಾರ್ಪ್. ಸರಿಗಮದಲ್ಲಿ ಹೇಳುವುದಾದರೆ, ಹಾಡಿನುದ್ದಕ್ಕೂ ಶುದ್ಧ ನಿಷಾದವಿದೆ, ಬ್ರಿಡ್ಜ್‌ನಲ್ಲಿ ಮಾತ್ರ ಕೋಮಲ ನಿಷಾದ ಬರುತ್ತದೆ. ಒಂದೇ ಸ್ವರದ ವ್ಯತ್ಯಾಸವಾದರೂ ಹಾಡಿನ ಬಣ್ಣವೇ ಬದಲಾಗುತ್ತದೆ. ರಾಕ್‌ನಲ್ಲಿ ಈ ಕಾರ್ಡ್ ಹಳೆಯ ನೆಂಟ, ಒಪ್ಪದು ಎನ್ನುವ ಭಯವಿಲ್ಲ. ಎಂಟು ಬಾರ್‌ಗಳು ಹೀಗೆ: ಎಫ್ ಎರಡು, ಸಿ ಎರಡು, ಎಫ್ ಎರಡು, ಡಿ ಎರಡು. ಇಲ್ಲಿಯೂ ಜಿ ಇಲ್ಲ. ಕೊನೆಯಲ್ಲಿ ಎಫ್ ಹೋಗಿ ಡಿ ಬರುವಾಗ ಕೋಮಲ ನಿ ಜಾಗದಲ್ಲಿ ಶುದ್ಧ ನಿ ಬರುತ್ತದೆ, ಮನೆಯ ದಾರಿ ತೆರೆಯುತ್ತದೆ.

ಹಾಡುವವನಿಗೆ ಆ ಜಾಗದಲ್ಲಿ ರಿಷಭವನ್ನು ಎಳೆದು ಹಿಡಿಯಲು ಹೇಳಿದೆ. ರಿಷಭ, ಎಂದರೆ ಎ ಸ್ವರ, ಎಫ್ ಕಾರ್ಡ್‌ನಲ್ಲೂ ಇದೆ, ಡಿ ಕಾರ್ಡ್‌ನಲ್ಲೂ ಇದೆ. ದನಿ ಕದಲದೆ ನಿಂತಿರುತ್ತದೆ, ಕೆಳಗಿನ ಕಾರ್ಡ್ ಬದಲಾಗುತ್ತದೆ. ಅಲ್ಲಿಂದ ಕೋರಸ್‌ನ ಪಂಚಮಕ್ಕೆ ನೆಗೆತ.

ನುಡಿಸಿದಾಗ ಪರಿಣಾಮ ಅರ್ಧವೇ ಬಂತು. ಕಾರಣ ಗಿಟಾರ್‌ನಲ್ಲಿತ್ತು. ತೋರುಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಒತ್ತಿ ಹಿಡಿಯುವ ಎಫ್‌ನ ಬ್ಯಾರೆ ಕಾರ್ಡ್ ಕಷ್ಟವೆಂದು ಹುಡುಗ ಪವರ್ ಕಾರ್ಡ್ ಹಿಡಿದಿದ್ದ, ಡಿಯನ್ನೂ ಹಾಗೆಯೇ. ಪವರ್ ಕಾರ್ಡ್‌ನಲ್ಲಿ ಎರಡೇ ಸ್ವರ, ಮೂಲ ಮತ್ತು ಅದರ ಪಂಚಮ. ಎಫ್‌ಗೆ ಅದು ಸಾಕು, ಏಕೆಂದರೆ ಕೋಮಲ ನಿ ಅದರ ಮೂಲ ಸ್ವರವೇ, ನಡುವಿನ ಎ ಸ್ವರವನ್ನು ಹಾಡುವವನು ತುಂಬುತ್ತಾನೆ. ಆದರೆ ಡಿಯಲ್ಲಿ ನಮಗೆ ಬೇಕಾದ ಶುದ್ಧ ನಿ ನಡುವಿನ ಸ್ವರ. ಪವರ್ ಕಾರ್ಡ್‌ನಲ್ಲಿ ಅದು ಇಲ್ಲವೇ ಇಲ್ಲ. ಡಿಯನ್ನು ಪೂರ್ತಿ ಹಿಡಿಯಲು ಹೇಳಿದೆ. ಆಗ ಇನ್ನೊಂದು ಕಾಟ: ಪೂರ್ತಿ ಕಾರ್ಡ್ ಹೆಚ್ಚು ಡಿಸ್ಟಾರ್ಷನ್‌ನಲ್ಲಿ ಕಲಸಿಹೋಗುತ್ತದೆ. ಗೇನ್ ಅನ್ನು ಸುಮಾರು ಅರ್ಧಕ್ಕೆ ಇಳಿಸಿದ ಮೇಲೆ ಮೂರೂ ಸ್ವರ ಬಿಡಿಬಿಡಿಯಾಗಿ ಕೇಳಿದವು. ಅದೇ ಅಳತೆಯನ್ನು ಇಡೀ ಹಾಡಿಗೆ ಉಳಿಸಿಕೊಂಡೆವು, ಕೋರಸ್ ಕೂಡ ಸ್ವಚ್ಛವಾಯಿತು.

ಬ್ರಿಡ್ಜ್‌ನ ಸಾಹಿತ್ಯಕ್ಕೆ ಜಗಳವೇ ಆಯಿತು. ಹಾಡುವವನು ಮೇಲ್ಭಾಗದವರನ್ನು ಇನ್ನಷ್ಟು ಬೈದು ಬರೆದಿದ್ದ. ಬೈಗುಳ ವರ್ಸ್‌ನಲ್ಲೇ ಮುಗಿದಿದೆ, ಹೊಸದಾಗಿ ನೀನು ಏನು ನೋಡಿದೆ ಎಂದು ಕೇಳಿದೆ. ಬಾಸ್ ಹುಡುಗ ಮೇಲಿನೂರಿನವನು, ಗಂಗಾವತಿ ಕಡೆಯವನು. ಅದುವರೆಗೆ ಸುಮ್ಮನಿದ್ದವನು, "ನಮ್ಮ ಮನೆಯಲ್ಲೂ ಬೀಜ, ಗೊಬ್ಬರಕ್ಕೆ ಸಾಲ ಇದೆಯಪ್ಪ" ಎಂದ. ಬ್ರಿಡ್ಜ್ ಅಲ್ಲೇ ಹುಟ್ಟಿತು:

ಮೇಲಿನವನೂ ರೈತನೇ
ಅವನ ಹೆಗಲಿಗೂ ಸಾಲವೇ

ಇದಾದ ಮೇಲೆ ಬರುವ "ಕಡೆಯ ಹೊಲದ ತನಕ ಬಾ" ಮೊದಲಿನ ಸಾಲಲ್ಲ. ಮೊದಲೆರಡು ಸಲ ಅದು ದೂರು, ಮೂರನೆಯ ಸಲ ಎಲ್ಲರ ಪರವಾದ ಬೇಡಿಕೆ. ಅಕ್ಷರ ಒಂದೂ ಬದಲಾಗಿಲ್ಲ. ಬ್ರಿಡ್ಜ್ ಹಾಡಲು ಬಾಸ್ ಹುಡುಗನನ್ನೇ ಮೈಕ್ ಮುಂದೆ ನಿಲ್ಲಿಸಿದೆವು. ದನಿ ದಪ್ಪ, ಸ್ವಲ್ಪ ಒರಟು. ರಿಷಭ ಎಳೆಯುವ ಕಡೆ ಮಾತ್ರ ಇಬ್ಬರೂ ಸೇರುತ್ತಾರೆ.

ಜೋಡಿಸಿದ ಮೇಲೆ

ಈಗಿನ ನಕ್ಷೆ: ಪೀಠಿಕೆ 8, ವರ್ಸ್ 16, ಕೋರಸ್ 8, ವರ್ಸ್ 8, ಕೋರಸ್ 8, ಸೋಲೋ 8, ಬ್ರಿಡ್ಜ್ 8, ಕೋರಸ್ ಎರಡು ಸುತ್ತು 16. ಒಟ್ಟು 80 ಬಾರ್, 2 ನಿಮಿಷ 40 ಸೆಕೆಂಡ್. ಮೊದಲ ಕೋರಸ್ 48ನೇ ಸೆಕೆಂಡಿಗೆ ಬರುತ್ತದೆ. ಬ್ರಿಡ್ಜ್ 1 ನಿಮಿಷ 52 ಸೆಕೆಂಡಿಗೆ. ಸೋಲೋ ಈಗ ವರ್ಸ್‌ನ ಕಾರ್ಡ್‌ಗಳ ಮೇಲಿದೆ, ಹಾಗಾಗಿ ಕೋರಸ್‌ನ ನೆಲವನ್ನು ಅದು ಸವೆಸುವುದಿಲ್ಲ. ಆದರೆ ಅದರ ಕೊನೆಯ ಎರಡು ಬಾರ್‌ಗಳಲ್ಲಿ ಡಿ ಬದಲು ಸಿ ಇಟ್ಟೆವು. ಡಿ ಇದ್ದರೆ ಕೇಳುಗ ಕೋರಸ್ ಬಂತೆಂದುಕೊಳ್ಳುತ್ತಾನೆ, ಎಫ್ ಬಂದಾಗ ಎಡವಿದಂತಾಗುತ್ತದೆ. ಸಿಯಿಂದ ಎಫ್‌ಗೆ ನಡೆಯುವುದು ಸಲೀಸು.

ಕೊನೆಯ ಕೋರಸ್‌ನಲ್ಲಿ ಶ್ರುತಿ ಒಂದು ಸ್ವರ ಏರಿಸೋಣ ಎಂದು ಗಿಟಾರ್ ಹುಡುಗ ಪಟ್ಟು ಹಿಡಿದಿದ್ದ. ಹಾಡುವವನ ಧೈವತವೇ ಅವನ ಮೇಲಿನ ಅಂಚು; ಇನ್ನೊಂದು ಸ್ವರ ಏರಿಸಿದರೆ ಮತ್ತೆ ಕೂಗಾಟಕ್ಕೆ ಮರಳುತ್ತೇವೆ. ಬ್ರಿಡ್ಜ್ ತನ್ನ ಕೆಲಸ ಮಾಡಿದ್ದರೆ ಶ್ರುತಿ ಏರಿಸುವ ಅಗತ್ಯವೂ ಬೀಳುವುದಿಲ್ಲ. ಬೇಡವೆಂದೆ.

ಕೈ ಎತ್ತುವ ಪರೀಕ್ಷೆಯನ್ನು ಮತ್ತೆ ಮಾಡಿದೆವು, ಹಾಡುವವರಿಲ್ಲದೆ, ಬರೀ ವಾದ್ಯ. ಮೊದಲ ಕೋರಸ್‌ಗೆ ಕೆಲವರು, ಎರಡನೆಯದಕ್ಕೆ ಎಲ್ಲರೂ ಕೈ ಎತ್ತಿದರು. ಬ್ರಿಡ್ಜ್ ಮುಗಿಯುವಾಗ, ಡಿ ಕಾರ್ಡ್‌ನ ಎರಡನೆಯ ಬಾರ್‌ನಲ್ಲಿ, ಕೋರಸ್ ಬರುವ ಮೊದಲೇ ಇಬ್ಬರ ಕೈ ಅರ್ಧ ಎದ್ದಿತ್ತು. ನನಗೆ ಬೇಕಾಗಿದ್ದದ್ದು ಅದೇ.

ಉಳಿದಿರುವ ತಕರಾರು ಸೋಲೋ ಎಂಟು ಬಾರ್ ಸಾಲದು ಎಂಬುದು. ಹದಿನಾರು ಮಾಡಿ ನೋಡಿದೆವು. ಬ್ರಿಡ್ಜ್ 2 ನಿಮಿಷ 8 ಸೆಕೆಂಡಿಗೆ ತಳ್ಳಿಹೋಗಿ, ಎರಡನೆಯ ವರ್ಸ್‌ನಲ್ಲಿ ಟಾರ್ಚು ಹಿಡಿದು ಕೂತವರನ್ನು ಕೇಳುಗ ಮರೆತೇಬಿಡುತ್ತಾನೆ. ರೆಕಾರ್ಡಿಂಗ್‌ನಲ್ಲಿ ಎಂಟು, ವೇದಿಕೆಯ ಮೇಲೆ ಹದಿನಾರು ಎಂಬಲ್ಲಿಗೆ ಒಪ್ಪಂದವಾಗಿದೆ. ಗಿಟಾರ್ ಹುಡುಗ ವೇದಿಕೆಯ ಮೇಲೆ ಹದಿನಾರಕ್ಕೇ ನಿಲ್ಲಿಸುತ್ತಾನೆ ಎಂದು ತಂಡದಲ್ಲಿ ಯಾರೂ ನಂಬಿಲ್ಲ. ಅದಕ್ಕೆ ಡ್ರಮ್ಸ್ ಹುಡುಗಿಗೆ ಹದಿನಾರನೆಯ ಬಾರ್‌ನ ಕೊನೆಯಲ್ಲಿ ಕ್ರ್ಯಾಶ್ ಹೊಡೆದು ಅವನನ್ನು ತಡೆಯುವ ಅಧಿಕಾರ ಕೊಟ್ಟಿದ್ದೇವೆ.